ಫೋನ್ ಹೋಯಿತು, ಟೆಲಿಗ್ರಾಂ ಮಾತು ಉಳಿಯಿತೇ?

ವಕೀಲೆಯೊಬ್ಬರ ಫೋನ್ ಬಸ್ಸಿನಲ್ಲಿ ಕಳೆದುಹೋಯಿತು ಎಂದುಕೊಳ್ಳಿ. ಅದರ ಟೆಲಿಗ್ರಾಂನಲ್ಲಿ ಕಚೇರಿಯ ಗ್ರೂಪ್ ಇತ್ತು, ತಮಗೆ ತಾವೇ ಕಳಿಸಿಕೊಂಡ ಪಿಡಿಎಫ್‌ಗಳಿದ್ದವು, ಕಕ್ಷಿದಾರರೊಬ್ಬರ ಜೊತೆ ಸೀಕ್ರೆಟ್ ಚಾಟ್ ಇತ್ತು. ಅದೇ ನಂಬರಿನಿಂದ ಹೊಸ ಫೋನಿನಲ್ಲಿ ಲಾಗಿನ್ ಆದರೆ ಗ್ರೂಪ್, ಪಿಡಿಎಫ್ ಎಲ್ಲವೂ ವಾಪಸ್ ಬರುತ್ತವೆ. ಸೀಕ್ರೆಟ್ ಚಾಟ್ ಮಾತ್ರ ಪಟ್ಟಿಯಲ್ಲೇ ಇರುವುದಿಲ್ಲ.

ಬೀಗದ ಕೈ ಯಾರ ಬಳಿ ಇದೆ ಎಂಬುದರಲ್ಲಿದೆ ವ್ಯತ್ಯಾಸ. ಟೆಲಿಗ್ರಾಂನ ಮಾಮೂಲಿ ಚಾಟ್‌ಗಳೆಲ್ಲ ಕ್ಲೌಡ್ ಚಾಟ್‌ಗಳು. ಅವು ಗೂಢಲಿಪಿಯಲ್ಲಿ ಕಂಪನಿಯ ಸರ್ವರ್‌ನಲ್ಲಿರುತ್ತವೆ, ಅದನ್ನು ಬಿಡಿಸುವ ಕೀಲಿಯೂ ಕಂಪನಿಯ ಹತ್ತಿರವೇ ಇರುತ್ತದೆ. ಆದ್ದರಿಂದಲೇ ಯಾವ ಸಾಧನದಿಂದ ಬಂದರೂ ಅವು ಸಿಗುತ್ತವೆ. ಸೀಕ್ರೆಟ್ ಚಾಟ್‌ನ ಕೀಲಿ ಹುಟ್ಟುವುದು ಮಾತಾಡುವ ಇಬ್ಬರ ಸಾಧನಗಳಲ್ಲಿ, ಉಳಿಯುವುದೂ ಅಲ್ಲೇ. ಸರ್ವರ್ ಬರೀ ಸಾಗಿಸುತ್ತದೆ, ಬ್ಯಾಕಪ್ ಇಡುವುದಿಲ್ಲ. ಫೋನ್ ಕಳೆಯದಿದ್ದರೂ, ಒಮ್ಮೆ ಲಾಗೌಟ್ ಆದರೆ ಆ ಫೋನಿನ ಸೀಕ್ರೆಟ್ ಚಾಟ್‌ಗಳು ಹೋದಂತೆಯೇ.

ಹಾಗೆಂದು ಆ ಮಾತುಗಳು ಎಲ್ಲೂ ಉಳಿಯಲಿಲ್ಲವೆಂದಲ್ಲ. ಕಕ್ಷಿದಾರರ ಫೋನಿನಲ್ಲಿ ಒಂದು ಪ್ರತಿ ಇರುತ್ತದೆ. ತಾನಾಗಿ ಅಳಿಸುವ ಟೈಮರ್ ಹಾಕಿದ್ದರೆ ಅದೂ ಇರದು. ಇದ್ದರೂ ಸೀಕ್ರೆಟ್ ಚಾಟ್‌ನಿಂದ ಫಾರ್ವರ್ಡ್ ಮಾಡಲು ಬರುವುದಿಲ್ಲ, ಬೇಕಾದ ವಿವರವನ್ನು ಅವರು ಹೊಸದಾಗಿ ಕಳಿಸಬೇಕು. ಇನ್ನೊಂದು ಪ್ರತಿ ಬಸ್ಸಿನಲ್ಲಿ ಹೋದ ಫೋನಿನಲ್ಲೇ ಇದೆ. ವಕೀಲೆ ಓದಲಾಗದ್ದನ್ನು ಅದು ಸಿಕ್ಕವರು, ಲಾಕ್ ತೆಗೆಯಬಲ್ಲವರಾದರೆ, ಓದಬಹುದು. ಕ್ಲೌಡ್ ಚಾಟ್‌ಗಳೂ ಅವರಿಗೆ ತೆರೆದೇ ಇರುತ್ತವೆ.

ಹಾಗಾಗಿ ಮೊದಲ ಕೆಲಸ ಕಳೆದ ಫೋನನ್ನು ಖಾತೆಯಿಂದ ಹೊರಹಾಕುವುದು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಟೆಲಿಗ್ರಾಂ ಮೊದಲೇ ತೆರೆದಿದ್ದರೆ ಸೆಟ್ಟಿಂಗ್ಸ್‌ನ ಡಿವೈಸಸ್‌ಗೆ ಹೋಗಿ ಆ ಫೋನಿನ ಸೆಷನ್ ಮುಗಿಸಬಹುದು. ಫೋನ್ ಇಂಟರ್ನೆಟ್‌ಗೆ ಬಂದ ಮೇಲೆಯೇ ಆದೇಶ ಅದಕ್ಕೆ ಮುಟ್ಟುತ್ತದೆ. ಆಫ್‌ಲೈನ್ ಇರುವಷ್ಟು ಹೊತ್ತು ಸ್ಕ್ರೀನ್ ಲಾಕ್ ಮತ್ತು ಆ್ಯಪ್‌ನ ಪಾಸ್‌ಕೋಡ್ ಮಾತ್ರ ಕಾವಲು.

ಲ್ಯಾಪ್‌ಟಾಪ್ ಇಲ್ಲದಿದ್ದರೆ ತೊಡಕು ಹೆಚ್ಚು. ಲಾಗಿನ್ ಕೋಡ್ ಮೊದಲು ಹೋಗುವುದು ಈಗಾಗಲೇ ತೆರೆದಿರುವ ಟೆಲಿಗ್ರಾಂಗೆ, ಅಂದರೆ ಕಳೆದ ಫೋನಿಗೇ. ಎಸ್‌ಎಂಎಸ್‌ನಲ್ಲಿ ಕಳಿಸುವಂತೆ ಕೇಳಬಹುದು, ಆದರೆ ನಮ್ಮಲ್ಲಿ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಇರುತ್ತದೆ. ಲಾಗಿನ್ ಆದ ಮೇಲೂ ಹೊಸ ಸಾಧನದಿಂದ ಹಳೆಯ ಸೆಷನ್‌ಗಳನ್ನು ತಕ್ಷಣ ಮುಗಿಸಲು ಟೆಲಿಗ್ರಾಂ ಬಿಡುವುದಿಲ್ಲ.

ಟು-ಸ್ಟೆಪ್ ವೆರಿಫಿಕೇಶನ್ ಇಟ್ಟವರಿಗೆ ಅದರ ಪಾಸ್‌ವರ್ಡ್ ಕೂಡ ನೆನಪಿರಬೇಕು. ಅದೂ ಮರೆತು, ರಿಕವರಿ ಇಮೇಲ್ ಕೂಡ ಕೊಟ್ಟಿರದೆ, ಬೇರೆ ಯಾವ ಸಾಧನದಲ್ಲೂ ಖಾತೆ ತೆರೆದಿರದಿದ್ದರೆ ಉಳಿಯುವ ದಾರಿ ಖಾತೆಯನ್ನು ರೀಸೆಟ್ ಮಾಡುವುದೊಂದೇ. ಆಗ ಕ್ಲೌಡ್ ಚಾಟ್‌ಗಳೂ ಹೋಗುತ್ತವೆ.