ಹಳೆಯ ರೆಂಡರ್‌ಗಳಿಂದ ಹೊಸ ಚಿತ್ರಗಳಿಗೆ ಒಂದೇ ಚಹರೆ

ಕಟ್ಟಡ ಮೇಲೇಳುವ ಮೊದಲೇ ಅದು ಹೇಗೆ ಕಾಣಲಿದೆ ಎಂದು ತೋರಿಸುವ ಬಣ್ಣದ ಚಿತ್ರಕ್ಕೆ ಆರ್ಕಿಟೆಕ್ಟ್ ಕಚೇರಿಗಳಲ್ಲಿ ರೆಂಡರ್ ಎನ್ನುತ್ತಾರೆ. ಹತ್ತು ವರ್ಷ ನಡೆದ ಕಚೇರಿಯ ಕಂಪ್ಯೂಟರಿನಲ್ಲಿ ಇಂಥ ನೂರಾರು ಚಿತ್ರಗಳು ಕೂಡಿರುತ್ತವೆ. ಅವನ್ನು ಸಾಲಾಗಿ ನೋಡಿದರೆ ಆ ಕಚೇರಿಯ ಚಹರೆ ಗೊತ್ತಾಗುತ್ತದೆ. ಒಬ್ಬರದು ಮೋಡ ಕವಿದ ಬೆಳಕು, ಮಾಸಲು ಬಣ್ಣ. ಇನ್ನೊಬ್ಬರದು ಸಂಜೆಯ ಹೊಂಬಿಸಿಲು, ಉದ್ದನೆಯ ನೆರಳು.

ಈಗ ಇಂಥ ಚಿತ್ರಗಳನ್ನು ಎಐ ಮಾದರಿಗಳಿಂದಲೂ ಮಾಡಿಸುತ್ತಾರೆ. ಆದರೆ ಬೆಳಕು, ಬಣ್ಣ, ನೆರಳು ಎಂದು ಎಷ್ಟೇ ವಿವರವಾಗಿ ಬರೆದುಕೊಟ್ಟರೂ ಚಿತ್ರದಿಂದ ಚಿತ್ರಕ್ಕೆ ಚಹರೆ ಬದಲಾಗುತ್ತದೆ. ಒಂದೇ ಯೋಜನೆಯ ಆರು ಚಿತ್ರಗಳನ್ನು ಮನೆ ಕಟ್ಟಿಸುವವರ ಮುಂದೆ ಹರಡಿದರೆ, ಅವು ಆರು ಬೇರೆ ಕಚೇರಿಗಳಿಂದ ಬಂದಂತೆ ಕಾಣುತ್ತವೆ. ಮಾತಿನಲ್ಲಿ ಹೇಳಲಾಗದ ಚಹರೆಯನ್ನು ಹಳೆಯ ಚಿತ್ರಗಳನ್ನೇ ತೋರಿಸಿ ಕಲಿಸುವ ಉಪಾಯವೊಂದಿದೆ. ಅದರ ಹೆಸರು ಲೋರಾ. ಮೈಕ್ರೋಸಾಫ್ಟ್‌ನ ಸಂಶೋಧಕರು 2021ರಲ್ಲಿ ಭಾಷಾ ಮಾದರಿಗಳಿಗಾಗಿ ಇದನ್ನು ರೂಪಿಸಿದರು. ಸ್ಟೇಬಲ್ ಡಿಫ್ಯೂಷನ್ 2022ರಲ್ಲಿ ಎಲ್ಲರ ಕೈಗೆ ಸಿಕ್ಕಮೇಲೆ ಚಿತ್ರ ಮಾಡುವವರೂ ಇದನ್ನು ಬಳಸತೊಡಗಿದರು.

ಇಲ್ಲಿ ದೊಡ್ಡ ಮಾದರಿಯ ಒಳಗಿನ ಸಂಖ್ಯೆಗಳನ್ನು ಯಾರೂ ಮುಟ್ಟುವುದಿಲ್ಲ. ಅವುಗಳ ಪಕ್ಕದಲ್ಲಿ ಒಂದು ಚಿಕ್ಕ ತಿದ್ದುಪಡಿಯನ್ನು ಇಟ್ಟು, ಅದಕ್ಕೆ ಮಾತ್ರ ಕಲಿಸುತ್ತಾರೆ. ಮಾದರಿಯೊಳಗೆ 1280 ಸಾಲು, 1280 ಕಂಬದ ಒಂದು ಕೋಷ್ಟಕವಿದೆ ಎನ್ನೋಣ. ಅದರಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳಿರುತ್ತವೆ. ಲೋರಾ ಅದಕ್ಕೆ ಸೇರಿಸುವುದು 16 ಸಂಖ್ಯೆಗಳಷ್ಟೇ ಅಗಲವಿರುವ ಎರಡು ಪಟ್ಟಿಗಳನ್ನು. ಎರಡೂ ಸೇರಿ 40,960 ಸಂಖ್ಯೆಗಳು, ಅಂದರೆ ಮೂಲದ ಶೇಕಡ 2.5. ಹೀಗಾಗಿ ಕಲಿಕೆಗೆ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಚೇರಿಯ ಕಂಪ್ಯೂಟರ್ ಸಾಕು. ಸಿದ್ಧವಾದ ಫೈಲು ಪೆನ್‌ಡ್ರೈವ್‌ನಲ್ಲಿ ಸುಲಭವಾಗಿ ಹಿಡಿಸುತ್ತದೆ.

ಆದರೆ ಫಲ ನಿಂತಿರುವುದು ಕಂಪ್ಯೂಟರಿನ ಮೇಲಲ್ಲ. ಯಾವ ಚಿತ್ರ ಆರಿಸುತ್ತೇವೆ, ಅದರ ಜೊತೆ ಏನು ಬರೆಯುತ್ತೇವೆ ಎಂಬುದರ ಮೇಲೆ. ಕರಾವಳಿಯಲ್ಲಿ ಮನೆಗಳನ್ನು ವಿನ್ಯಾಸ ಮಾಡುವ ಒಂದು ಸಣ್ಣ ಕಚೇರಿಯನ್ನು ಉದಾಹರಣೆಗೆ ಇಟ್ಟುಕೊಂಡು ನೋಡೋಣ. ಅವರ ಬಳಿ ಇನ್ನೂರು ಹಳೆಯ ರೆಂಡರ್‌ಗಳಿವೆ. ಬೇಕಾದ ಚಹರೆ: ಮಳೆಗಾಲದ ಮೆತ್ತನೆಯ ಬೆಳಕು, ಹಸಿರು ಬೆರೆತ ಬೂದು ಬಣ್ಣ, ಅಂಚು ತುಸು ಕರಗಿದ ನೆರಳು.

ಇನ್ನೂರನ್ನೂ ಹಾಕಿದರೆ ಕೆಲಸ ಕೆಡುತ್ತದೆ. ಹಿಂದೆ ಇದ್ದವರು ಮಾಡಿದ ಹೊಳಪಿನ ಚಿತ್ರಗಳೂ ಈಗಿನವರ ಮೆತ್ತನೆಯ ಚಿತ್ರಗಳೂ ಬೆರೆತರೆ, ಮಾದರಿ ಎರಡರ ಸರಾಸರಿಯನ್ನು ಕಲಿಯುತ್ತದೆ. ಅದು ಯಾರ ಚಹರೆಯೂ ಅಲ್ಲ. ಆದ್ದರಿಂದ ಒಂದೇ ಚಹರೆಯ ಮೂವತ್ತನ್ನು ಆರಿಸಬೇಕು. ಒಂದು ಮನೆಯ ಚಿತ್ರ ಎರಡು ಮೂರಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ಮಾದರಿ ಶೈಲಿಯ ಬದಲು ಆ ಮನೆಯನ್ನೇ ಬಾಯಿಪಾಠ ಮಾಡುತ್ತದೆ. ಹಾಳೆಯ ಮೂಲೆಯಲ್ಲಿರುವ ಕಚೇರಿಯ ಲೋಗೋ, ಯೋಜನೆಯ ಹೆಸರು, ಅಳತೆಯ ಗುರುತುಗಳನ್ನು ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ಹೊಸ ಚಿತ್ರಗಳ ಮೂಲೆಯಲ್ಲೂ ಅಕ್ಷರದಂತೆ ತೋರುವ ಗೀಚುಗಳು ಮೂಡುತ್ತವೆ.

ಮುಂದಿನದು ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ. ಇದನ್ನು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಬರೆಯುತ್ತಾರೆ, ಏಕೆಂದರೆ ಈ ಮಾದರಿಗಳು ಕಲಿತದ್ದು ಬಹುಪಾಲು ಇಂಗ್ಲಿಷ್ ವಿವರಣೆಗಳಿಂದ:

```
kdlrndr, two-storey house, sloped clay tile roof,
laterite compound wall, coconut palms, woman with umbrella
```

ಮೊದಲ ಪದಕ್ಕೆ ಯಾವ ಅರ್ಥವೂ ಇಲ್ಲ. ಅದು ಈ ಶೈಲಿಯನ್ನು ಕರೆಯಲು ಕಚೇರಿಯವರೇ ಕಟ್ಟಿಕೊಂಡ ಗುರುತು. ಉಳಿದ ಸಾಲಿನಲ್ಲಿ ಮನೆ, ಹೆಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ತೆಂಗಿನ ಮರ, ಕೊಡೆ ಹಿಡಿದ ಹೆಂಗಸು ಎಲ್ಲ ಇವೆ. ಬೆಳಕು, ಬಣ್ಣ, ನೆರಳಿನ ಮಾತು ಮಾತ್ರ ಎಲ್ಲೂ ಇಲ್ಲ. ಇದು ಬೇಕೆಂದೇ ಬಿಟ್ಟದ್ದು. ಹೆಸರಿಸಿದ ವಸ್ತುವನ್ನು ಮಾದರಿ ಆ ಹೆಸರಿನ ಜೊತೆಗೇ ಜೋಡಿಸಿಕೊಳ್ಳುತ್ತದೆ. ಹೆಸರಿಲ್ಲದೆ ಎಲ್ಲ ಚಿತ್ರಗಳಲ್ಲೂ ಮತ್ತೆ ಮತ್ತೆ ಬರುವುದು ಗುರುತಿನ ಪದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಬದಲಾಗಬೇಕಾದ್ದನ್ನು ಬರೆಯಬೇಕು, ಉಳಿಯಬೇಕಾದ್ದನ್ನು ಬರೆಯದೆ ಬಿಡಬೇಕು.

ಈ ಸೂತ್ರ ತಪ್ಪಿದರೆ ಏನಾಗುತ್ತದೆ? ಮೂವತ್ತೂ ಚಿತ್ರಗಳಲ್ಲಿ ಹೆಂಚಿನ ಮಾಡಿದ್ದು, ವಿವರಣೆಯಲ್ಲಿ ಬರಿಯ house ಎಂದಿತ್ತು ಎಂದುಕೊಳ್ಳಿ. ಆಗ ಐದು ಮಹಡಿಯ ಆಸ್ಪತ್ರೆಯ ಚಿತ್ರ ಕೇಳಿದರೂ ಅದರ ಮೇಲೆ ಇಳಿಜಾರಿನ ಹೆಂಚಿನ ಮಾಡು ಬಂದು ಕೂರುತ್ತದೆ. ಹೆಂಚೂ ಶೈಲಿಯ ಭಾಗ ಎಂದು ಮಾದರಿ ತಿಳಿದುಕೊಂಡಿರುತ್ತದೆ. ಪರಿಹಾರ ಎರಡು: ಮಾಡನ್ನು ವಿವರಣೆಯಲ್ಲಿ ಹೆಸರಿಸಬೇಕು ಮತ್ತು ತಾರಸಿ ಕಟ್ಟಡಗಳ ಏಳೆಂಟು ಚಿತ್ರಗಳನ್ನು ಸೇರಿಸಬೇಕು. ಬರೆದರಷ್ಟೇ ಸಾಲದು, ಬೇರೆ ಥರದ ಮಾಡುಗಳನ್ನು ಮಾದರಿ ಕಂಡಿರಲೂ ಬೇಕು.

ಕಲಿಕೆಯ ಲೆಕ್ಕ ಸರಳ. ಮೂವತ್ತು ಚಿತ್ರಗಳನ್ನು ಹತ್ತು ಹತ್ತು ಸಲ ತೋರಿಸಿದರೆ 300 ಹೆಜ್ಜೆಯ ಒಂದು ಸುತ್ತು. ಎಂಟು ಸುತ್ತಿಗೆ 2,400 ಹೆಜ್ಜೆ. ಪ್ರತಿ ಸುತ್ತಿನ ಕೊನೆಯಲ್ಲಿ ಒಂದು ಫೈಲನ್ನು ಉಳಿಸಿಕೊಳ್ಳಬೇಕು, ಏಕೆಂದರೆ ಕೊನೆಯದೇ ಒಳ್ಳೆಯದಾಗಿರಬೇಕೆಂದಿಲ್ಲ.

ಯಾವುದು ಒಳ್ಳೆಯದೆಂದು ತಿಳಿಯಲು ಎಂಟೂ ಫೈಲುಗಳಿಂದ ಒಂದೇ ಚಿತ್ರ ಮಾಡಿಸಿ ಅಕ್ಕಪಕ್ಕ ಇಡುತ್ತಾರೆ. ಬರಹವೂ ಒಂದೇ, ಚಿತ್ರ ಶುರುವಾಗುವ ಯಾದೃಚ್ಛಿಕ ಸಂಖ್ಯೆಯಾದ ಸೀಡ್ ಕೂಡ ಒಂದೇ. ಕೇಳುವ ಚಿತ್ರ ಮಾತ್ರ ಕಲಿಕೆಯಲ್ಲಿ ಇಲ್ಲದ್ದಾಗಿರಬೇಕು: ಬಸ್ ನಿಲ್ದಾಣ, ಶಾಲೆಯ ಗ್ರಂಥಾಲಯ, ಹೀಗೆ. ಮೊದಲ ಸುತ್ತುಗಳ ಫೈಲಿನಲ್ಲಿ ಚಹರೆ ಇನ್ನೂ ಹತ್ತಿರುವುದಿಲ್ಲ. ಕಲಿಕೆ ಅತಿಯಾದ ಫೈಲಿನಲ್ಲಿ ಕೇಳದೆಯೇ ಅದೇ ತೆಂಗಿನ ಮರ ಅದೇ ಕಡೆಗೆ ಬಾಗಿ ನಿಲ್ಲುತ್ತದೆ, ಕೊಡೆ ಹಿಡಿದ ಹೆಂಗಸು ಗ್ರಂಥಾಲಯದ ಒಳಗೂ ಕಾಣಿಸಿಕೊಳ್ಳುತ್ತಾಳೆ. ಬೆಳಕು ಹತ್ತಿ, ಮರ ಇನ್ನೂ ಅಂಟಿರದ ನಡುವಿನ ಫೈಲನ್ನು ಇಟ್ಟುಕೊಳ್ಳಬೇಕು. ಬಳಸುವಾಗಲೂ ಲೋರಾದ ಬಲವನ್ನು ಪೂರ್ತಿ 1ಕ್ಕೆ ಇಡದೆ 0.6ರಿಂದ 0.8ರ ನಡುವೆ ಇಟ್ಟರೆ ಹೊಸ ಕಟ್ಟಡಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ಲೋರಾ ಕೊಡುವುದು ಚಹರೆಯನ್ನು ಮಾತ್ರ. ಕಟ್ಟಡದ ಅಳತೆ ಅದಕ್ಕೆ ಗೊತ್ತಿಲ್ಲ. ಆಕಾರ ಕದಲದಂತೆ ಹಿಡಿಯಲು ಕಂಟ್ರೋಲ್‌ನೆಟ್ ಎಂಬ ಇನ್ನೊಂದು ಸಾಧನ ಬೇಕು. ಸ್ಕೆಚ್‌ಅಪ್‌ನಂಥ ತಂತ್ರಾಂಶದಿಂದ ತೆಗೆದ ರೇಖಾಚಿತ್ರವನ್ನು ಅದಕ್ಕೆ ಕೊಟ್ಟರೆ ಗೋಡೆ, ಕಿಟಕಿಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಹಾಗಿದ್ದರೂ ಕೆಂಪುಕಲ್ಲಿನ ಗೋಡೆ ಇಟ್ಟಿಗೆಯಾಗಿರಬಹುದು, ಮೂಲೆಯಲ್ಲೊಂದು ಕಿಟಕಿ ಹೆಚ್ಚಾಗಿರಬಹುದು. ಪ್ರತಿ ಚಿತ್ರವನ್ನೂ ಪ್ಲಾನ್ ಪಕ್ಕದಲ್ಲಿಟ್ಟು ಎಣಿಸದೆ ಹೊರಗೆ ಕಳಿಸಬಾರದು. ಮೊದಲ ಹಂತದ ಮಾತುಕತೆಗೆ ಇಂಥ ಚಿತ್ರ ಸಾಕು. ಕಟ್ಟುವ ಸಾಮಗ್ರಿಯನ್ನು ತೋರಿಸಿ ಒಪ್ಪಿಗೆ ಪಡೆಯುವ ಹಂತಕ್ಕೆ ಮಾಮೂಲಿ ರೆಂಡರೇ ಬೇಕು.

ಹಕ್ಕಿನ ವಿಷಯವನ್ನೂ ಮೊದಲೇ ನೋಡಿಕೊಳ್ಳಬೇಕು. ಹೊರಗಿನ ಕಲಾವಿದರಿಂದ ಹಣ ಕೊಟ್ಟು ಮಾಡಿಸಿದ ರೆಂಡರ್ ಆದರೆ, ಅದನ್ನು ಹೀಗೆ ಬಳಸಲು ಒಪ್ಪಂದದಲ್ಲಿ ಅನುಮತಿ ಇದೆಯೇ ಎಂದು ಓದಿ, ಇಲ್ಲದಿದ್ದರೆ ಅವರನ್ನು ಕೇಳಿ. ಗೋಪ್ಯವಾಗಿಡುವುದಾಗಿ ಮಾತು ಕೊಟ್ಟ ಮನೆಯ ಚಿತ್ರವನ್ನು ಪಟ್ಟಿಯಿಂದ ತೆಗೆದುಬಿಡಿ.

ಇನ್ನೊಂದು ಮಾತು. ಒಂದು ಮೂಲ ಮಾದರಿಯ ಮೇಲೆ ಕಲಿಸಿದ ಲೋರಾ ಬೇರೆ ರಚನೆಯ ಮಾದರಿಗೆ ಹೊಂದುವುದಿಲ್ಲ. ಎಸ್‌ಡಿಎಕ್ಸ್‌ಎಲ್‌ಗೆ ಮಾಡಿದ್ದು ಫ್ಲಕ್ಸ್‌ನಲ್ಲಿ ನಡೆಯದು. ಹೊಸ ಮಾದರಿಗೆ ಹೋದಾಗ ಕಲಿಕೆಯನ್ನು ಮತ್ತೆ ನಡೆಸಬೇಕು. ಆಗ ಉಪಯೋಗಕ್ಕೆ ಬರುವುದು ಹಳೆಯ ಲೋರಾ ಫೈಲಲ್ಲ. ಆರಿಸಿ, ಕತ್ತರಿಸಿ, ವಿವರಣೆ ಬರೆದಿಟ್ಟ ಆ ಮೂವತ್ತು ಚಿತ್ರಗಳ ಫೋಲ್ಡರ್. ಅದನ್ನು ಎರಡು ಕಡೆ ಜೋಪಾನವಾಗಿಡಿ.