ಚಿತ್ರ ಬರೆದವನೂ ಬರೆಸಿದವಳೂ

ಕರಿಯ ಜುಟ್ಟಿನ, ನಸುಗೆಂಪು ಎದೆಯ ಕಬ್ಬಕ್ಕಿಯೊಂದು ಬೋರೆ ಗಿಡದ ಕೊಂಬೆಯಲ್ಲಿ ಕೂತಿದೆ. ಅದೇ ಕೊಂಬೆಯಲ್ಲಿ ಟಸರ್ ರೇಷ್ಮೆಯ ಹುಳು, ಗೂಡು, ಪತಂಗ ಎಲ್ಲವೂ ಇವೆ. ಹಿಂದೆ ಆಕಾಶವಿಲ್ಲ, ಕೆಳಗೆ ನೆಲವಿಲ್ಲ, ಬರೀ ಬಿಳಿ ಕಾಗದ. 1777ರಲ್ಲಿ ಕಲ್ಕತ್ತೆಯಲ್ಲಿ ಇದನ್ನು ಬರೆದವರು ಪಟ್ನಾದ ಶೇಖ್ ಜೈನುದ್ದೀನ್. ಬರೆಸಿದವರು ಮೇರಿ ಇಂಪೆ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಲ್ಲಿನ ಕಲಾವಿದರು ಯುರೋಪಿಯನ್ನರಿಗಾಗಿ ಬರೆದ ಇಂಥ ಚಿತ್ರಗಳನ್ನು ಕಂಪನಿ ಶೈಲಿ ಎನ್ನುತ್ತಾರೆ. ಬಹುಕಾಲ ಇವನ್ನು ಮೊಗಲ್ ಕಲೆಯ ಇಳಿಗಾಲದ ಸರಕೆಂದೇ ನೋಡಿದರು. ವಸಾಹತೋತ್ತರ ವಿಮರ್ಶೆ ಬೇರೆ ಪ್ರಶ್ನೆ ಕೇಳುತ್ತದೆ: ಏನನ್ನು ಬರೆಯಬೇಕೆಂದು ತೀರ್ಮಾನಿಸಿದವರು ಯಾರು? ಯಾರ ಕಣ್ಣಿಗಾಗಿ ಬರೆದದ್ದು?

ಮೇರಿಯ ಗಂಡ ಎಲಿಜಾ ಇಂಪೆ ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ. ಮಹಾರಾಜ ನಂದಕುಮಾರನಿಗೆ ಖೋಟಾ ದಸ್ತಾವೇಜಿನ ಆರೋಪದಲ್ಲಿ ಇಂಗ್ಲಿಷ್ ಕಾನೂನಿನಂತೆ ಮರಣದಂಡನೆ ವಿಧಿಸಿ, 1775ರಲ್ಲಿ ಗಲ್ಲಿಗೇರಿಸಿದ್ದು ಇದೇ ಕೋರ್ಟು. ಅದಾಗಿ ಎರಡು ವರ್ಷಕ್ಕೆ ಆ ನ್ಯಾಯಾಧೀಶರ ಮನೆಯಲ್ಲಿ ಪ್ರಾಣಿಪಕ್ಷಿಗಳ ಸಂಗ್ರಹ ಬೆಳೆಯಿತು, ಅವನ್ನು ಚಿತ್ರಿಸಲು ಜೈನುದ್ದೀನ್, ಭವಾನಿದಾಸ್, ರಾಮದಾಸ್ ಬಂದರು. ಪ್ಲಾಸಿ, ಬಕ್ಸಾರ್ ಯುದ್ಧಗಳ ನಂತರ ನವಾಬರ ಆಸರೆ ಬತ್ತುತ್ತಿತ್ತು. ಚಿತ್ರ ಬರೆಸುವ ದುಡ್ಡು ಈಗ ಕಂಪನಿಯ ದೊಡ್ಡವರ ಕೈಗೆ ಸೇರುತ್ತಿತ್ತು.

ಪದ್ಧತಿಯೂ ಬದಲಾಯಿತು. ಮೊಗಲ್ ಚಿತ್ರಕಾರರು ನುಣ್ಣಗೆ ಉಜ್ಜಿದ ದಪ್ಪ ಕಾಗದದ ಮೇಲೆ ಗಟ್ಟಿ ಬಣ್ಣ ಹಚ್ಚುತ್ತಿದ್ದರು. ಇಲ್ಲಿ ಇಂಗ್ಲೆಂಡಿನಿಂದ ಬಂದ ವಾಟ್‌ಮನ್ ಕಾಗದ, ಅದರ ಮೇಲೆ ತೆಳು ಜಲವರ್ಣ, ಸಾಧ್ಯವಾದ ಕಡೆ ಹಕ್ಕಿಯ ನಿಜಗಾತ್ರ. ಬಿಳಿ ಹಿನ್ನೆಲೆ ಯುರೋಪಿನ ಜೀವಿವಿಜ್ಞಾನದ ಪುಸ್ತಕಗಳ ಕ್ರಮ. ಹಕ್ಕಿಯನ್ನು ಅದರ ಊರು, ಹವೆ, ನೆಲದಿಂದ ಬಿಡಿಸಿ ಲಂಡನ್ನಿನ ಓದುಗನ ಮೇಜಿನ ಮೇಲಿಡಲು ಅದು ಅನುಕೂಲ.

ಆದರೆ ಆ ಬೋರೆ ಕೊಂಬೆಯನ್ನು ಮತ್ತೆ ನೋಡಿ. ಟಸರ್ ಹುಳು ನಿಜಕ್ಕೂ ಬೋರೆ ಎಲೆ ತಿಂದು ಬೆಳೆಯುತ್ತದೆ. ಹಿನ್ನೆಲೆ ಖಾಲಿಯಾದರೂ ಹುಳಕ್ಕೂ ಗಿಡಕ್ಕೂ ಇರುವ ನಂಟು ಆ ಹಾಳೆಯಲ್ಲಿ ಉಳಿದಿದೆ. ಗರಿಗಳನ್ನು ಒಂದೊಂದಾಗಿ ಎಳೆದಿರುವ ಕುಂಚ ಮೊಗಲ್ ಚಿತ್ರಶಾಲೆಯಲ್ಲಿ ಪಳಗಿದ್ದು. ಕಲಾವಿದನ ಹೆಸರು ಪಾರ್ಸಿ ಲಿಪಿಯಲ್ಲಿದೆ. ಜೈನುದ್ದೀನರನ್ನು ಬರೀ ಆಜ್ಞೆ ಪಾಲಿಸಿದ ಕೂಲಿಯೆಂದು ಓದಿದರೆ ಚಿತ್ರಕ್ಕೆ ಅನ್ಯಾಯ. ಅವರನ್ನು ಸ್ವತಂತ್ರ ಪ್ರತಿಭೆ ಎಂದು ಮಾತ್ರ ಕೊಂಡಾಡಿದರೆ ಇತಿಹಾಸಕ್ಕೆ ಅನ್ಯಾಯ.

ತಂಜಾವೂರು, ತಿರುಚಿರಾಪಳ್ಳಿಗಳಲ್ಲಿ ಬರೆದ ಜಾತಿ ಮತ್ತು ಕಸುಬುಗಳ ಚಿತ್ರಮಾಲೆಗಳನ್ನು ನೋಡುವಾಗ ನನಗೆ ಹೆಚ್ಚು ಕಸಿವಿಸಿ. ಅಲ್ಲಿ ಗಂಡ, ಹೆಂಡತಿ, ಕೈಯಲ್ಲಿ ಕಸುಬಿನ ಸಲಕರಣೆ. ಇದೇ ಬಗೆಯಲ್ಲಿ ನೇಕಾರ, ಕುಂಬಾರ, ಮೀನುಗಾರ. ಹಕ್ಕಿಗೆ ಒಪ್ಪುವ ಮಾದರಿಯನ್ನೇ ಮನುಷ್ಯರಿಗೂ ಹಾಕಿದ್ದಾರೆ. ಸಾಲಿನಲ್ಲಿರುವವರಿಗೆ ಸ್ವಂತ ಹೆಸರಿಲ್ಲ, ಜಾತಿಯೇ ಗುರುತು. ಊರಿಂದೂರಿಗೆ ಬದಲಾಗುತ್ತಿದ್ದ ಬದುಕು ಇಂಥ ಹಾಳೆಗಳಲ್ಲಿ ಎಂದೆಂದಿಗೂ ಹೀಗೇ ಎಂಬಂತೆ ಗಟ್ಟಿಯಾಯಿತು. ಮುಂದೆ ಜನರನ್ನು ಜಾತಿವಾರು ಎಣಿಸಿ ಆಳಿದ ಸರ್ಕಾರದ ನೋಟಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ. ಎಲ್ಲ ಕಡೆಯೂ ಹೀಗಿರಲಿಲ್ಲ ಎನ್ನಿ. ದೆಹಲಿಯಲ್ಲಿ 1815ರಿಂದೀಚೆಗೆ ವಿಲಿಯಂ ಫ್ರೇಸರ್ ಬರೆಸಿದ ಚಿತ್ರಗಳಲ್ಲಿ ಹಳ್ಳಿಗರ, ಸಿಪಾಯಿಗಳ ಮುಖಗಳು ಒಂದರಂತೆ ಒಂದಿಲ್ಲ. ಎಷ್ಟೋ ಜನರ ಹೆಸರೂ ಬರೆದಿದೆ.

ಹೆಸರಿನ ಲೆಕ್ಕ ವಿಜ್ಞಾನದಲ್ಲೂ ಉಳಿದಿದೆ. ಹಿಮಾಲಯದ ಮೋನಾಲ್ ಹಕ್ಕಿಗೆ 1790ರಲ್ಲಿ ಜಾನ್ ಲ್ಯಾಥಮ್ ಕೊಟ್ಟ ಹೆಸರಿನಲ್ಲಿರುವುದು ಲೇಡಿ ಇಂಪೆ. ಇಂದಿಗೂ ಅದು ಲೊಫೊಫೋರಸ್ ಇಂಪೆಜಾನಸ್. ಜೈನುದ್ದೀನರ ಹೆಸರಿಗೆ ಅಂಥ ಜಾಗ ಸಿಗಲಿಲ್ಲ. ದಕ್ಷಿಣದಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ತನಗೆ ಚಿತ್ರ ಬರೆದುಕೊಟ್ಟ ಗೋವಿಂದುವಿನ ಹೆಸರನ್ನು ಒಂದು ಆರ್ಕಿಡ್ ಕುಲಕ್ಕೆ ಇಟ್ಟದ್ದು ಅಪರೂಪದ ನಡೆ. ಆದರೆ ಆ ಗಿಡ ಬೇರೆ ಕುಲಕ್ಕೆ ಸೇರಿದ್ದರಿಂದ ಗೋವಿಂದೂಯಿಯಾ ಎಂಬ ಹೆಸರು ಈಗ ಬಳಕೆಯಲ್ಲಿಲ್ಲ.

ಲಂಡನ್ನಿನ ವಾಲೇಸ್ ಕಲೆಕ್ಷನ್ 2019ರಲ್ಲಿ ಇಂಥ ಚಿತ್ರಗಳ ಪ್ರದರ್ಶನ ಏರ್ಪಡಿಸಿ, ಮರೆತುಹೋದ ಈ ಕಲಾವಿದರನ್ನೇ ಮುಂದಿಟ್ಟಿತು. ಕಂಪನಿಯ ಹೆಸರಲ್ಲದೆ ಅವರವರ ಹೆಸರಿನಲ್ಲೇ ಇವನ್ನು ಕರೆಯಬೇಕೆಂಬ ವಾದವೂ ಆಗ ಬಲವಾಯಿತು. ನನಗದು ಅರ್ಧ ಒಪ್ಪಿಗೆ. ಜೈನುದ್ದೀನರ ಹೆಸರು ಮೊದಲು ಬರಲೇಬೇಕು. ಅದರ ಪಕ್ಕದಲ್ಲಿ ದುಡ್ಡು ಕೊಟ್ಟವರು ಯಾರು, ಆ ದುಡ್ಡು ಎಲ್ಲಿಂದ ಬಂತು ಎನ್ನುವುದನ್ನೂ ಬರೆಯಬೇಕು. ಬಂಗಾಳದ ಕಂದಾಯ ವಸೂಲಿಯ ಹಕ್ಕು 1765ರಲ್ಲೇ ಕಂಪನಿಯ ಪಾಲಾಗಿತ್ತು.