ಸಂತೆಯ ಅಂಗಡಿಯೂ ವರ್ತನೆಯ ಮನೆಯೂ

ಹೊಳೆನರಸೀಪುರದ ಗೃಹಸ್ಥರೊಬ್ಬರು ಕೆಲವು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದು, ತಮ್ಮ ಸೊಸೆಯ ಉದ್ಯೋಗದ ವಿಷಯವಾಗಿ ಆಲೋಚನೆ ಕೇಳಿದರು. ಆಕೆ ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಕನ್ನಡ ಅಕ್ಷರ ಜೋಡಣೆಯ ಕೆಲಸ ಮಾಡುವವಳು. ಆ ಯಂತ್ರಕ್ಕೆಂದು ಸಾಲವೂ ಆಗಿತ್ತು. “ಸ್ವಾಮಿ, ಹುಡುಗಿ ರಾತ್ರಿ ಹನ್ನೊಂದರವರೆಗೂ ದುಡಿಯುತ್ತಾಳೆ, ಕೈಯಲ್ಲಿ ಮಾತ್ರ ಏನೂ ನಿಲ್ಲುವುದಿಲ್ಲ. ಯಂತ್ರವನ್ನು ಮಾರಿಬಿಡೋಣವೆಂದು ನಮ್ಮ ಮನೆಯವರು ಹೇಳುತ್ತಾರೆ” ಎಂದರು. ನಾವು ಒಂದು ಭಾನುವಾರ ಅವರ ಮನೆಗೆ ಹೋಗಿ, ಆಕೆಯು ಅಚ್ಚುಕಟ್ಟಾಗಿ ಬರೆದಿಟ್ಟಿದ್ದ ಲೆಕ್ಕದ ಪುಸ್ತಕವನ್ನು ನೋಡಿದೆವು. ಮನೆಯಿಂದಲೇ ಬಿಡಿ ಕೆಲಸ ಮಾಡಿ ಸಂಪಾದಿಸಬೇಕೆನ್ನುವ ಇತರ ಮನೆಗಳಿಗೂ ಈ ಲೆಕ್ಕವು ಉಪಯೋಗಕ್ಕೆ ಬಂದೀತೆಂದು, ಆಕೆಯ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇವೆ.

ಇಂಥ ಕೆಲಸಕ್ಕೆ ಗಿರಾಕಿಯನ್ನು ಹುಡುಕುವ ದಾರಿಗಳು ಎರಡು. ಅಂತರ್ಜಾಲದಲ್ಲಿರುವ ಕೆಲಸದ ಸಂತೆಯಲ್ಲಿ ತನ್ನ ಹೆಸರು, ವಿದ್ಯೆ, ಮಾದರಿಗಳನ್ನು ಹರಡಿಕೊಂಡು ಕುಳಿತಿರುವುದು ಒಂದು. ಬೇಕಾದವರು ಯಾರೆಂದು ತಾನೇ ಗೊತ್ತುಮಾಡಿಕೊಂಡು ನೇರವಾಗಿ ಅವರಿಗೆ ಕಾಗದ ಬರೆಯುವುದು ಇನ್ನೊಂದು. ಮೊದಲನೆಯದು ಸಂತೆಯ ಅಂಗಡಿ. ಎರಡನೆಯದು ಹಾಲಿನವಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನವೂ ಹಾಲು ಹಾಕುವ ವರ್ತನೆ. ನಮ್ಮ ಸೊಸೆಯು (ಹೀಗೆಯೇ ಕರೆಯುತ್ತೇವೆ) ಹಿಡಿದಿದ್ದುದು ಮೊದಲನೆಯ ದಾರಿ.

ಈ ಸಂತೆಗಳಲ್ಲಿ ದೊಡ್ಡದು ಅಪ್‌ವರ್ಕ್ ಎಂಬುದು. 1999ರಲ್ಲಿ ಹುಟ್ಟಿದ ಈಲ್ಯಾನ್ಸ್ ಎಂಬ ಸಂಸ್ಥೆಯೂ ಓಡೆಸ್ಕ್ ಎಂಬುದೂ ಕೂಡಿ ಒಂದಾಗಿ, 2015ರಲ್ಲಿ ಈ ಹೆಸರನ್ನು ಇಟ್ಟುಕೊಂಡವು. ಇಲ್ಲಿ ಕೆಲಸ ಕೇಳಿ ಅರ್ಜಿ ಹಾಕಬೇಕಾದರೆ ‘ಕನೆಕ್ಟ್’ ಎಂಬ ಚೀಟಿಗಳನ್ನು ಕೊಳ್ಳಬೇಕು. ಒಂದು ಚೀಟಿಯ ಬೆಲೆ 15 ಸೆಂಟು. ಒಂದು ಅರ್ಜಿಗೆ ಹತ್ತು ಹದಿನೈದು ಚೀಟಿಗಳು ಹೋಗುವುದೂ ಉಂಟು. ಕೆಲಸ ಸಿಕ್ಕದಿದ್ದರೆ ಅರ್ಜಿಯ ಚೀಟಿ ಸಾಮಾನ್ಯವಾಗಿ ಹೋದಂತೆಯೇ. ಸಿಕ್ಕಿದರೆ, ಸಂಪಾದನೆಯಲ್ಲಿ ಸಂಸ್ಥೆಗೆ ಪಾಲು ಸಲ್ಲಬೇಕು. 2023ರ ಮೇ ತಿಂಗಳಿನಿಂದ ಈ ಪಾಲು ನೂರಕ್ಕೆ ಹತ್ತರಂತೆ ಇದ್ದಿತು. 2025ರ ಮೇ ತಿಂಗಳಿನಿಂದ ಹೊಸ ಒಪ್ಪಂದಗಳಿಗೆ ಸೊನ್ನೆಯಿಂದ ಹದಿನೈದರವರೆಗೆ ಬೇರೆ ಬೇರೆಯಾಗಿ ಗೊತ್ತುಮಾಡುತ್ತಾರೆ. ಫೈವರ್ ಎಂಬ ಇನ್ನೊಂದು ಸಂತೆಯಲ್ಲಿ ನೂರಕ್ಕೆ ಇಪ್ಪತ್ತು.

ಸೊಸೆಯ 2024ರ ಲೆಕ್ಕ ಹೀಗಿತ್ತು. ಎಂಟು ತಿಂಗಳಲ್ಲಿ ಆಕೆ ಹಾಕಿದ ಅರ್ಜಿಗಳು 40. ಖರ್ಚಾದ ಚೀಟಿಗಳು 400, ಅಂದರೆ 60 ಡಾಲರು. ದೊರೆತ ಕೆಲಸಗಳು ಐದು, ಒಟ್ಟು 180 ಡಾಲರು. ಅದರಲ್ಲಿ ಸಂಸ್ಥೆಯ ಪಾಲು 18, ಚೀಟಿಯ 60 ಕಳೆದರೆ ಉಳಿದದ್ದು 102 ಡಾಲರು. ಕೆಲಸಕ್ಕೆ ಹಿಡಿದದ್ದು 96 ಗಂಟೆ, ಅರ್ಜಿಗಳನ್ನು ಬರೆಯಲು 20 ಗಂಟೆ. ಗಂಟೆಗೆ ಒಂದು ಡಾಲರೂ ಬೀಳಲಿಲ್ಲ. ಆಗ ಡಾಲರಿನ ಬೆಲೆ 83-84 ರೂಪಾಯಿ. ಆಕೆಯ ಗಂಟೆಯ ಕೂಲಿ ಸುಮಾರು 73 ರೂಪಾಯಿಯಾಯಿತು.

ಕೂಲಿಗಿಂತಲೂ ಕೀರ್ತಿಯ ಲೆಕ್ಕ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕೆಲವು ಒಪ್ಪಂದಗಳು ಮುಗಿದ ಮೇಲೆ ಈ ಸಂತೆಯು ಕೆಲಸಗಾರರ ಹೆಸರಿನ ಪಕ್ಕದಲ್ಲಿ ಒಂದು ಶೇಕಡಾ ಅಂಕವನ್ನು ಬರೆಯುತ್ತದೆ. ಗಿರಾಕಿಯು ಬಹಿರಂಗವಾಗಿ ಕೊಡುವ ನಕ್ಷತ್ರಗಳಲ್ಲದೆ, ಗುಟ್ಟಾಗಿ ಹೇಳುವ ಅಭಿಪ್ರಾಯವೂ ಇದರಲ್ಲಿ ಸೇರುತ್ತದೆ. ಸ್ಥೂಲವಾಗಿ, ಒಳ್ಳೆಯ ಕೆಲಸಗಳಿಂದ ಕೆಟ್ಟವನ್ನು ಕಳೆದು ಒಟ್ಟಿನಿಂದ ಭಾಗಿಸುವುದೆಂದು ತಿಳಿಯಬಹುದು. ಸೊಸೆಯ ಐದು ಕೆಲಸಗಳಲ್ಲಿ ನಾಲ್ಕು ಚೆನ್ನಾಗಿ ಮುಗಿದಿದ್ದವು. ಐದನೆಯದು ಹತ್ತು ಡಾಲರಿನ ಟೈಪಿಂಗ್ ಕೆಲಸ. ಮೂಲದ ಕೈಬರಹವೇ ಮಸುಕಾಗಿತ್ತು, ಗಿರಾಕಿ ಸಿಡುಕಿದನು. ನಾಲ್ಕರಲ್ಲಿ ಒಂದು ಕಳೆದರೆ ಮೂರು. ಐದರಲ್ಲಿ ಮೂರೆಂದರೆ ಅರುವತ್ತು. ನೂರು ಕೆಲಸ ಮಾಡಿದವನಿಗೆ ಒಂದು ಸಿಡುಕು ಗಣನೆಗೆ ಬಾರದು. ಹೊಸಬಳಿಗೆ ಅದೇ ಬೆಟ್ಟ. ಆದಕಾರಣ ಮೊದಲ ಹತ್ತು ಕೆಲಸಗಳನ್ನು ಆರಿಸುವಾಗ ಹಣಕ್ಕಿಂತ ಗಿರಾಕಿಯ ಹಿಂದಿನ ನಡತೆಯನ್ನು, ಅಂದರೆ ಅವನು ಇತರರಿಗೆ ಎಷ್ಟು ಕೊಟ್ಟಿದ್ದಾನೆ, ಏನು ಬರೆದಿದ್ದಾನೆ ಎಂಬುದನ್ನು, ನೋಡತಕ್ಕದ್ದು. ಅಷ್ಟಾದರೂ ಈ ಅಂಕವು ಆ ಸಂತೆಯ ಬೇಲಿಯೊಳಗಿನ ನಾಣ್ಯವೇ ಹೊರತು, ಹಾಸನದ ಮುದ್ರಣಾಲಯದಲ್ಲಿ ಚಲಾವಣೆಯಾಗುವುದಿಲ್ಲ.

ಆಕೆಯು ಸಂತೆಯಲ್ಲಿ ತೂಗುಹಾಕಿದ್ದ ಹಲಗೆಯೂ ಸರಿಯಿರಲಿಲ್ಲ. ‘ಟೈಪಿಂಗ್, ಭಾಷಾಂತರ, ಎಲ್ಲ ಕೆಲಸ’ ಎಂದು ಬರೆದುಕೊಂಡಿದ್ದಳು. ಎಲ್ಲ ಕೆಲಸವೆಂದರೆ ಲಕ್ಷ ಜನರೊಡನೆ ಪೈಪೋಟಿ. ನಿಜವಾಗಿ ಆಕೆಗೆ ಬೇರೆಯವರಿಗಿಲ್ಲದ ಒಂದು ವಿದ್ಯೆಯಿತ್ತು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಪುಸ್ತಕಗಳು ನಮ್ಮ ಪ್ರಕಾಶಕರಲ್ಲಿ ರಾಶಿಯಾಗಿವೆ. ಇವು ಒಳಗೆ ಇಂಗ್ಲಿಷಿನ ಸಂಕೇತಗಳು, ಹೊರಗೆ ಕನ್ನಡದ ವೇಷ. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಮಾತು `PÀ£ÀßqÀ` ಎಂದು ಕಾಣುತ್ತದೆ. ಅವನ್ನು ಯುನಿಕೋಡಿಗೆ ತಿರುಗಿಸುವ ಉಪಕರಣಗಳುಂಟು. ಆದರೆ ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ಮುಂದೆ ಕೂರುತ್ತದೆ. ಯುನಿಕೋಡಿನಲ್ಲಿ ರಕಾರವು ಮೊದಲೇ ಬರಬೇಕು. ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ ‘ಸೂರ್ಯ’ನು ‘ಸೂಯರ್’ ಆಗುತ್ತಾನೆ, ‘ಧರ್ಮ’ವು ‘ಧಮರ್’ ಆಗುತ್ತದೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಅರ್ಥವಿಲ್ಲದ ಕನ್ನಡವಾಗಿ ಹೋಗುತ್ತವೆ. ಈ ದೋಷಗಳನ್ನು ಕಣ್ಣಿಟ್ಟು ತಿದ್ದುವುದೇ ಸೊಸೆಯ ಕೈಗುಣ. ನಮ್ಮ ಮಾತಿನಂತೆ ಹಲಗೆಯನ್ನು ಬದಲಾಯಿಸಿ `Nudi to Unicode conversion and Kannada book layout` ಎಂದಷ್ಟೇ ಬರೆದಳು.

ಅನಂತರ ಎರಡನೆಯ ದಾರಿ. ಆಕೆಯು ಊರಿನ ಗ್ರಂಥಾಲಯಕ್ಕೆ ಹೋಗಿ, ಈಚೆಗೆ ಮರುಮುದ್ರಣವಾದ ಕನ್ನಡ ಪುಸ್ತಕಗಳನ್ನು ತೆಗೆದು, ಶೀರ್ಷಿಕೆಯ ಹಿಂಬದಿಯ ಪುಟವನ್ನು ನೋಡಿದಳು. ಪ್ರಕಾಶಕರ ವಿಳಾಸವೂ, ಎಷ್ಟೋ ವೇಳೆ ಅಕ್ಷರ ಜೋಡಣೆ ಮಾಡಿದವರ ಹೆಸರೂ ಅಲ್ಲಿಯೇ ಇರುತ್ತವೆ. ಹಳೆಯ ಕಡತವನ್ನು ತಿರುಗಿಸುವಾಗ ಹುಟ್ಟಿದ ತಪ್ಪುಗಳು ಯಾವ ಪುಸ್ತಕಗಳಲ್ಲಿವೆಯೋ ಅವುಗಳ ಪ್ರಕಾಶಕರನ್ನು ಮಾತ್ರ ಗುರುತು ಹಾಕಿಕೊಂಡಳು. ಅವರಿಗೂ, ಹಾಸನ, ಚನ್ನರಾಯಪಟ್ಟಣಗಳ ಕೆಲವು ಮುದ್ರಕರಿಗೂ ಸೇರಿ 24 ಕಾಗದಗಳು. ಒಂದೊಂದೂ ಬೇರೆ, ಒಂದೊಂದಕ್ಕೂ ಎರಡು ಗಂಟೆ. ಕಾಗದದಲ್ಲಿ ಸ್ವಂತ ಹೊಗಳಿಕೆ ಇರಲಿಲ್ಲ. ಪ್ರಕಾಶಕರಿಗೆ ಬರೆದುದರಲ್ಲಿ ಅವರದೇ ಪುಸ್ತಕದ ಒಂದು ಪುಟವನ್ನು ತಿದ್ದಿ ಜೋಡಿಸಿ ಲಗತ್ತಿಸಿ, “ತಮ್ಮ ಪುಸ್ತಕದ ಇಂಥ ಪುಟದಲ್ಲಿ ಇಷ್ಟು ಸ್ಥಳಗಳಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿದೆ, ಮುಂದಿನ ಮುದ್ರಣಕ್ಕೆ ಇದನ್ನು ಪೂರ್ತಿಯಾಗಿ ಸರಿಪಡಿಸಿಕೊಡಬಲ್ಲೆ, ಪುಟಕ್ಕೆ 40 ರೂಪಾಯಿ” ಎಂದು ವಿನಯವಾಗಿ ತಿಳಿಸಿದ್ದಳು. ಮುದ್ರಕರಿಗೆ ತಾನು ಮಾಡಿದ ಪುಟಗಳ ಮಾದರಿ. ಉತ್ತರ ಬಾರದವರಿಗೆ ಹತ್ತು ದಿನ ಬಿಟ್ಟು ಒಂದೇ ಸಲ ದೂರವಾಣಿ, ಆಮೇಲೆ ಕಾಡಲಿಲ್ಲ.

ಉತ್ತರ ಬಂದವು ಏಳು. ನಾಲ್ವರು ಬೇಡವೆಂದರು, ಅವರಲ್ಲೊಬ್ಬರಿಗೆ ತಪ್ಪು ತೋರಿಸಿದ್ದಕ್ಕೆ ಕೋಪವೂ ಬಂದಿತ್ತು. (ತಪ್ಪನ್ನು ತೋರಿಸುವಾಗ ಲೇಖಕರಿಗಾಗಲಿ ಬೇರೆಯವರಿಗಾಗಲಿ ಪ್ರತಿ ಕಳುಹಿಸಬಾರದು; ಪ್ರಕಾಶಕರಿಗೆ ಮಾತ್ರ.) ಮೂವರು ಒಂದೊಂದು ಪುಸ್ತಕವನ್ನು ಪರೀಕ್ಷಾರ್ಥವಾಗಿ ಕೊಟ್ಟರು. ಅವರಲ್ಲಿ ಇಬ್ಬರು ವರ್ತನೆಯಾಗಿ ನಿಂತರು.

ಇದರ ಲೆಕ್ಕವನ್ನೂ ನಿಷ್ಪಕ್ಷಪಾತವಾಗಿ ನೋಡೋಣ. 200 ಪುಟದ ಮೊದಲ ಪುಸ್ತಕಕ್ಕೆ 8,000 ರೂಪಾಯಿ. ಕೆಲಸ 50 ಗಂಟೆ. ಆದರೆ ಕಾಗದಗಳಿಗೆ ಹೋದ 48 ಗಂಟೆಯನ್ನು ಸೇರಿಸಿದರೆ ಗಂಟೆಗೆ 82 ರೂಪಾಯಿಯಷ್ಟೇ. ಸಂತೆಗಿಂತ ಬಹಳ ಮೇಲೇನೂ ಅಲ್ಲ. ಇಲ್ಲಿಯೇ ಅನೇಕರು ಎದೆಗುಂದಿ ಬಿಟ್ಟುಬಿಡುತ್ತಾರೆ. ಎರಡನೆಯ ಪುಸ್ತಕಕ್ಕೆ ಕಾಗದ ಬರೆಯಬೇಕಾಗಲಿಲ್ಲ. ಅದೇ ದರಕ್ಕೆ ಗಂಟೆಗೆ 160 ಬಿದ್ದಿತು. ಸಂತೆಯ ಸುಂಕವನ್ನು ಪ್ರತಿ ಸಲವೂ ಕಟ್ಟಬೇಕು. ಕಾಗದದ ಸುಂಕ ಒಂದೇ ಸಲ.

ವರ್ತನೆಯಲ್ಲಿಯೂ ಮುಳ್ಳುಗಳುಂಟು. ಸಂತೆಯಲ್ಲಿ ಗೊತ್ತಾದ ಮೊತ್ತದ ಕೆಲಸಕ್ಕೆ ಗಿರಾಕಿಯು ಹಣವನ್ನು ಮೊದಲೇ ಸಂಸ್ಥೆಯಲ್ಲಿ ಇಡುಗಂಟು ಇಡುತ್ತಾನೆ. ಇಲ್ಲಿ ಆ ಆಸರೆಯಿಲ್ಲ. ಒಬ್ಬ ಪ್ರಕಾಶಕರು “ಪುಸ್ತಕ ಮಾರಾಟವಾಗಲಿ” ಎಂದು ಐದು ತಿಂಗಳು ತಳ್ಳಿದರು. ಸಣ್ಣ ಉದ್ಯೋಗಿಗಳಿಗೆ 2006ರ ಕೇಂದ್ರ ಕಾನೂನಿನ ರಕ್ಷಣೆಯಿದೆಯೆಂಬುದೇನೋ ಸರಿ. ‘ಉದ್ಯಮ್’ ನೋಂದಣಿ ಮಾಡಿಸಿಕೊಂಡ ಅತಿಸಣ್ಣ ಉದ್ಯೋಗಿಗೆ, ಬರೆಹದ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು, ಒಪ್ಪಂದವಿಲ್ಲದಿದ್ದರೆ 15 ದಿನ; ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ. ನೋಂದಣಿಗೆ ಶುಲ್ಕವಿಲ್ಲ, ಸೊಸೆಯೂ ಮಾಡಿಸಿದಳು. ಆದರೆ ಈ ಕಾನೂನನ್ನು ಎತ್ತಿದ ದಿನವೇ ಆ ವರ್ತನೆ ಮುಗಿದಂತೆ. ಅದಕ್ಕಿಂತ ಆಕೆ ಈಗ ಅನುಸರಿಸುವ ಕ್ರಮವೇ ಮೇಲೆಂದು ನಮ್ಮ ಅಭಿಪ್ರಾಯ: ಅರ್ಧ ಹಣ ಮುಂಗಡ, ಕರಡನ್ನು ಪುಟದ ಮೇಲೆ ಅಡ್ಡಲಾಗಿ ‘ಕರಡು’ ಎಂದು ಮಸುಕಾಗಿ ಬರೆದ ಪಿಡಿಎಫ್ ರೂಪದಲ್ಲಿ ಕಳುಹಿಸುವುದು, ಮುದ್ರಣಕ್ಕೆ ಯೋಗ್ಯವಾದ ಕಡತ ಉಳಿದರ್ಧ ಬಂದ ಮೇಲೆ.

ಹಾಗಾದರೆ ಸಂತೆಯ ಅಂಗಡಿಯನ್ನು ಮುಚ್ಚಿದಳೆ? ಇಲ್ಲ, ಮುಚ್ಚುವುದು ನಮಗೂ ಸರಿತೋರಲಿಲ್ಲ. ಹಲಗೆ ಬದಲಾದ ಮೇಲೆ, ಅಮೆರಿಕೆಯ ಒಂದು ಕನ್ನಡ ಕೂಟದವರು ತಮ್ಮ ಹಳೆಯ ಸ್ಮರಣಸಂಚಿಕೆಗಳನ್ನು ಯುನಿಕೋಡಿಗೆ ತಿರುಗಿಸಬೇಕೆಂದು ತಾವಾಗಿ ಹುಡುಕಿಕೊಂಡು ಬಂದರು. ಅಷ್ಟು ದೂರದವರನ್ನು ಈಕೆ ಕಾಗದ ಬರೆದು ಹಿಡಿಯುವುದು ಸಾಧ್ಯವಿರಲಿಲ್ಲ. ಕೆಲಸ ಮೆಚ್ಚಿದ ಅವರು, “ಮುಂದಿನದನ್ನು ಸಂಸ್ಥೆಯ ಪಾಲಿಲ್ಲದೆ ನೇರವಾಗಿ ಮಾಡಿಕೊಡಿ” ಎಂದರು. ಅಪ್‌ವರ್ಕಿನ ನಿಬಂಧನೆಯಂತೆ ಅಲ್ಲಿ ಪರಿಚಯವಾದ ಗಿರಾಕಿಯೊಡನೆ 24 ತಿಂಗಳವರೆಗೆ ಹೊರಗೆ ವ್ಯವಹರಿಸಕೂಡದು; ವ್ಯವಹರಿಸಬೇಕಾದರೆ ಬಿಡುಗಡೆಯ ಶುಲ್ಕ ಕಟ್ಟಬೇಕು; ಮೀರಿದರೆ ಅಂಗಡಿಯನ್ನೇ ಮುಚ್ಚಿಸಬಹುದು. ಸೊಸೆಯು ಒಲ್ಲೆನೆಂದು ಅಲ್ಲಿಯೇ ಮುಂದುವರಿಸಿದಳು. ಈ ನಿರ್ಬಂಧವು ಮೊದಲೇ ಪರಿಚಿತರಾದವರಿಗೆ ಅನ್ವಯಿಸುವುದಿಲ್ಲ. ಆದುದರಿಂದ ಕೈಗೆ ಸಿಕ್ಕಬಹುದಾದ ಬೆಂಗಳೂರು, ಹಾಸನದ ಗಿರಾಕಿಗಳನ್ನು ಕಾಗದದಿಂದಲೇ ಮೊದಲು ಕಾಣುವುದು ಲೇಸು.

ಪ್ರಕಾಶಕರಿಂದ ಆಕೆ ಕೇಳಿಕೊಂಡದ್ದು ಹಣವಲ್ಲದೆ ಒಂದೇ ಒಂದು. ಶೀರ್ಷಿಕೆಯ ಹಿಂಬದಿಯ ಪುಟದಲ್ಲಿ ‘ಅಕ್ಷರ ಜೋಡಣೆ’ ಎಂದು ತನ್ನ ಹೆಸರು, ಅದರ ಮುಂದೆ ‘ಹೊಳೆನರಸೀಪುರ’. ಇಬ್ಬರೂ ಒಪ್ಪಿದರು. ಮೂರನೆಯ ಪುಸ್ತಕ ಹೊರಬಂದ ಕೆಲವು ವಾರಗಳಲ್ಲಿ, ಅರಕಲಗೂಡಿನ ನಿವೃತ್ತ ಉಪಾಧ್ಯಾಯರೊಬ್ಬರು ಆ ಸಾಲನ್ನು ಓದಿ, ತಮ್ಮ ತಾಲ್ಲೂಕಿನ ಸ್ಥಳಪುರಾಣಗಳ ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. “ನಮ್ಮ ಜಿಲ್ಲೆಯಲ್ಲಿಯೇ ಇದ್ದೀಯಲ್ಲ ತಾಯಿ, ನಾನು ಬೆಂಗಳೂರಿಗೆ ಅಲೆಯುತ್ತಿದ್ದೆ” ಎಂದರಂತೆ. ಅವರ ಮೂಲಕ ಚನ್ನರಾಯಪಟ್ಟಣದ ಒಬ್ಬ ಮುದ್ರಕರೂ ಬಂದರು. ಹಿಂದೆ ಸೊಸೆಯ ಕಾಗದಕ್ಕೆ ಉತ್ತರ ಬರೆಯದಿದ್ದವರಲ್ಲಿ ಅವರೂ ಒಬ್ಬರು.

ನಾವು ಮೊನ್ನೆ ಹೋಗಿದ್ದಾಗ ಮಾವನವರು ಜಗುಲಿಯಲ್ಲಿ ಕುಳಿತು ಕರಡು ತಿದ್ದುತ್ತಿದ್ದರು. ಯಂತ್ರದ ಸಾಲದಲ್ಲಿ ಇನ್ನು ನಾಲ್ಕು ಕಂತುಗಳಿವೆ. ಮಾರುವ ಮಾತನ್ನು ಯಾರೂ ಎತ್ತಲಿಲ್ಲ.